ಒಂದು ಮೈನಸ್ ತಿರುಗಿದರೆ ಎಷ್ಟು ಮಾರ್ಕ್ಸ್ ಕಳೆಯಬೇಕು?

ಪ್ರಶ್ನೆ: ಸರ್, ನಾನು ಧಾರವಾಡದವಳು, ಪುಣೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಗಣಿತ ಕಲಿಸ್ತೀನಿ. 8 ಮಾರ್ಕ್ಸಿನ ಒಂದು ಪ್ರಶ್ನೆ ಇತ್ತು. AB ಕಂಡುಹಿಡಿಯಿರಿ (3), |AB| ಕಂಡುಹಿಡಿಯಿರಿ (3), |AB| = |A||B| ಎಂದು ತಾಳೆ ನೋಡಿ (2).

```
A = [  2  -1   3 ]      B = [ 1   0   2 ]
    [  1   4  -2 ]          [ 0  -1   1 ]
    [ -3   2   1 ]          [ 2   1   0 ]
```

ಒಬ್ಬ ಹುಡುಗನ AB ಯಲ್ಲಿ ಎರಡನೇ ಕಾಲಮ್ ಪೂರ್ತಿ ತಪ್ಪು, 2, 2, 3 ಅಂತ ಇದೆ. ಅಲ್ಲಿಂದ |AB| = −265 ಬಂದಿದೆ. ಕೊನೆಗೆ |A||B| ಕೂಡ −265 ಅಂತ ತೋರಿಸಿ ಮುಗಿಸಿದ್ದಾನೆ. ನಾನು 2 ಕೊಟ್ಟೆ, ಮಾಡರೇಟರ್ 7 ಮಾಡಿದ್ರು. ಮೂರು ಸಂಖ್ಯೆ ತಪ್ಪು, ಕೊನೆ ಉತ್ತರ ತಪ್ಪು, ಆದ್ರೂ 7 ಹೇಗೆ ಸರ್? ಹೀಗೆ ಮಧ್ಯದಲ್ಲಿ ಚಿಹ್ನೆ ತಿರುಗಿದಾಗ ಎಷ್ಟು ಕಳೀಬೇಕು?

ಉತ್ತರ: ಮೇಡಂ, ಮಾಡರೇಟರ್ ಕೊಟ್ಟ 7 ಸರಿ. ನಾನೂ 7 ಕೊಡುತ್ತಿದ್ದೆ. ಯಾಕೆ ಅಂತ ಹೇಳುತ್ತೇನೆ, ಜೊತೆಗೆ ಇದೇ ಪ್ರಶ್ನೆಯಲ್ಲಿ 7 ಕೊಡಬಾರದ ಉತ್ತರಪತ್ರಿಕೆಗಳು ಹೇಗಿರುತ್ತವೆ ಅಂತಲೂ ಹೇಳುತ್ತೇನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೇ ವ್ಯತ್ಯಾಸ ಗೊತ್ತಾಗುವುದು.

ಮೊದಲು ಸರಿ ಉತ್ತರ ಕಣ್ಣ ಮುಂದಿರಲಿ.

```
AB = [  8   4   3 ]
     [ -3  -6   6 ]
     [ -1  -1  -4 ]

|A| = 53,  |B| = 3,  |AB| = 159
```

ನಿಮ್ಮ ಹುಡುಗ ಎರಡನೇ ಕಾಲಮ್‌ನಲ್ಲಿ 4, −6, −1 ಬರೆಯಬೇಕಿತ್ತು. 2, 2, 3 ಬರೆದಿದ್ದಾನೆ. ನೋಡಿದ ಕೂಡಲೇ ಮೂರು ತಪ್ಪು ಅನಿಸುತ್ತದೆ, ಪೆನ್ನು ಮೂರು ಸಲ ಸುತ್ತು ಹಾಕುತ್ತದೆ. ಆದರೆ ಸ್ವಲ್ಪ ನಿಂತು, ಸರಿ ಸಂಖ್ಯೆಯಿಂದ ಅವನ ಸಂಖ್ಯೆ ಕಳೆದು ನೋಡಿ. 4 − 2 ಅಂದರೆ 2. −6 − 2 ಅಂದರೆ −8. −1 − 3 ಅಂದರೆ −4. ಈಗ ಮೂರನ್ನೂ ಅರ್ಧ ಮಾಡಿ: 1, −4, −2. ಇದನ್ನು ಎಲ್ಲಾದರೂ ನೋಡಿದ ಹಾಗಿದೆ ಅಲ್ವಾ? A ಯ ಎರಡನೇ ಕಾಲಮ್ ನೋಡಿ: −1, 4, 2. ಅದೇ ಕಾಲಮ್, ಮೈನಸ್ ಹಾಕಿ ಬಂದಿದೆ.

ಇದು ಆಕಸ್ಮಿಕ ಅಲ್ಲ. ABಯ ಎರಡನೇ ಕಾಲಮ್ ಹೇಗೆ ಹುಟ್ಟುತ್ತದೆ? B ಯ ಎರಡನೇ ಕಾಲಮ್‌ನ ಮೂರು ಸಂಖ್ಯೆಗಳಿಂದ A ಯ ಮೂರು ಕಾಲಮ್‌ಗಳನ್ನು ಒಂದೊಂದಾಗಿ ಗುಣಿಸಿ ಕೂಡಿದರೆ ಹುಟ್ಟುತ್ತದೆ. ಅದರಲ್ಲಿ A ಯ ಎರಡನೇ ಕಾಲಮ್ ಅನ್ನು ಗುಣಿಸುವುದು B ಯ ಎರಡನೇ ರೋ, ಎರಡನೇ ಕಾಲಮ್‌ನಲ್ಲಿ ಕೂತಿರುವ −1. ಅವನು ಆ −1 ಅನ್ನು 1 ಅಂತ ಇಳಿಸಿಕೊಂಡಿದ್ದಾನೆ. ಮಾಡಿದ ತಪ್ಪು ಅದೊಂದೇ. ಅದಾದ ಮೇಲೆ ಅವನು ಮಾಡಿದ ಒಂಬತ್ತೂ ಲೆಕ್ಕ ಸರಿ. ಪ್ರಶ್ನೆಪತ್ರಿಕೆಯಿಂದ ಉತ್ತರಪತ್ರಿಕೆಗೆ ಬರುವಾಗ ಒಂದು ಸಣ್ಣ ಗೆರೆ ಉದುರಿ ಹೋಯಿತು, ಅಷ್ಟೇ.

ಹಾಗಾಗಿ ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ನಾನು ಎಷ್ಟು ಸಂಖ್ಯೆ ತಪ್ಪಾಗಿದೆ ಅಂತ ಎಣಿಸುವುದಿಲ್ಲ, ತಪ್ಪು ಸಂಖ್ಯೆಗಳು ಯಾವ ಆಕಾರದಲ್ಲಿ ಕೂತಿವೆ ಅಂತ ನೋಡುತ್ತೇನೆ. ಒಂದೇ ಒಂದು ಸಂಖ್ಯೆ ತಪ್ಪಿದ್ದರೆ ಆ ಜಾಗದ ಲೆಕ್ಕದಲ್ಲಿ ಕೈ ತಪ್ಪಿದೆ. ಒಂದು ಇಡೀ ಕಾಲಮ್ ತಪ್ಪಿದ್ದರೆ B ಯ ಒಂದು ಸಂಖ್ಯೆ ತಪ್ಪಾಗಿ ಇಳಿದಿದೆ. ತಪ್ಪುಗಳೆಲ್ಲ ಒಂದೇ ರೋದಲ್ಲಿ ಕೂತಿದ್ದರೆ A ಯ ಒಂದು ಸಂಖ್ಯೆ. ಒಂಬತ್ತರಲ್ಲಿ ಹೆಚ್ಚುಕಡಿಮೆ ಎಲ್ಲವೂ ತಪ್ಪಿದ್ದರೆ, ಸಾಮಾನ್ಯವಾಗಿ BA ಮಾಡಿರುತ್ತಾರೆ ಅಥವಾ ರೋ-ಕಾಲಮ್ ಬಿಟ್ಟು ರೋ-ರೋ ಗುಣಿಸಿರುತ್ತಾರೆ. ಅದು ವಿಧಾನದ ತಪ್ಪು, ಬೇರೆ ಮಾತು. ಮೊದಲ ಮೂರೂ ಒಂದೇ ತಪ್ಪು. ಒಂದು ತಪ್ಪಿಗೆ ಒಂದು ಮಾರ್ಕ್.

ಹುಡುಗ ಮಧ್ಯದ ಹಂತ ಏನೂ ಬರೆಯದೆ ನೇರವಾಗಿ AB ಬರೆದಿದ್ದರೂ ಈ ಆಕಾರ ಸಾಕ್ಷಿ ಹೇಳುತ್ತದೆ. ನನಗೆ ಇದರಿಂದ ತುಂಬಾ ಉಪಯೋಗವಾಗಿದೆ. ಯಾಕೆಂದರೆ ಬೇಗ ಬೇಗ ಬರೆಯುವ ಚುರುಕು ಮಕ್ಕಳೇ ಹಂತ ಬಿಡುವುದು ಜಾಸ್ತಿ, ಅಂಥವರ ಪೇಪರ್‌ನಲ್ಲಿ ಇಡೀ ಕಾಲಮ್ ತಪ್ಪು ಕಂಡರೆ "ಇವನಿಗೆ ಗುಣಾಕಾರವೇ ಬರಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೇವೆ.

ಅರ್ಧ ಮಾಡುವ ಈ ಉಪಾಯ ನಾನು ಗಣಿತದ ಪುಸ್ತಕದಲ್ಲಿ ಕಲಿತದ್ದಲ್ಲ. ಮುಂಬೈಯ ಮಾಟುಂಗಾದಲ್ಲಿ ನಮ್ಮ ಸೋದರಮಾವನ ಉಡುಪಿ ಹೋಟೆಲ್ ಇತ್ತು. ರಜೆಯಲ್ಲಿ ಹೋದಾಗ ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಮಾವ ಲೆಕ್ಕದ ಪುಸ್ತಕ ತೆಗೆದು ಕೂರುತ್ತಿದ್ದರು. ಒಂದು ದಿನ 340 ರೂಪಾಯಿ ತಾಳೆ ಬರಲಿಲ್ಲ. ಮಾವ ಮೇಲಿಂದ ಕೂಡಿಸಲು ಹೋಗಲೇ ಇಲ್ಲ. "340ರ ಅರ್ಧ 170. ಎಲ್ಲಿದೆ ನೋಡು 170" ಅಂದರು. ಇತ್ತು, ಹಾಲಿನವನಿಗೆ ಕೊಟ್ಟ 170 ರೂಪಾಯಿ ಖರ್ಚಿನ ಕಡೆ ಬರೆಯುವ ಬದಲು ಜಮಾ ಕಡೆ ಬಿದ್ದಿತ್ತು. ಕಳೆಯಬೇಕಾದ್ದನ್ನು ಕೂಡಿದರೆ ವ್ಯತ್ಯಾಸ ಯಾವಾಗಲೂ ಅದರ ಎರಡು ಪಟ್ಟು. ಡಿಟರ್ಮಿನಂಟ್‌ನಲ್ಲೂ ಇದೇ ನಡೆಯುತ್ತದೆ.

ಈಗ |AB| ಹಂತಕ್ಕೆ ಬನ್ನಿ. ನಿಮ್ಮ ಹುಡುಗನ ಹತ್ತಿರ ಈಗ ಇರುವ ಮ್ಯಾಟ್ರಿಕ್ಸ್ ಅವನದೇ. ಅವನು ಬಿಡಿಸಬೇಕಾದ್ದು ಅದನ್ನೇ.

```
[  8  2   3 ]
[ -3  2   6 ]
[ -1  3  -4 ]

8(-8-18) - 2(12+6) + 3(-9+2)
= -208 - 36 - 21
= -265
```

ಪ್ರತಿ ಗೆರೆ ನೋಡಿ, ಒಂದು ಕಡೆಯೂ ತಪ್ಪಿಲ್ಲ. ಪ್ಲಸ್-ಮೈನಸ್-ಪ್ಲಸ್ ಸರಿ, ಮೈನರ್‌ಗಳು ಸರಿ, ಕೂಡಿದ್ದು ಸರಿ. ಈ 3 ಮಾರ್ಕ್ಸ್ ಏನನ್ನು ಪರೀಕ್ಷೆ ಮಾಡಲು ಇಟ್ಟಿದ್ದೇವೆ? 3×3 ಡಿಟರ್ಮಿನಂಟ್ ಬಿಡಿಸಲು ಬರುತ್ತದಾ ಅಂತ. ಬರುತ್ತದೆ. ಪೂರ್ತಿ 3 ಕೊಡಬೇಕು. ಇಲ್ಲಿ ಮತ್ತೆ ಕಳೆದರೆ, ಮೊದಲೇ ದಂಡ ಕಟ್ಟಿದ ತಪ್ಪಿಗೆ ಎರಡನೇ ಸಲ ದಂಡ ಹಾಕಿದ ಹಾಗೆ. ಕೇಂಬ್ರಿಡ್ಜ್ ಪರೀಕ್ಷೆಗಳ ಮಾರ್ಕಿಂಗ್ ಸ್ಕೀಮ್‌ನಲ್ಲಿ ವಿಧಾನಕ್ಕೆ M, ನಿಖರತೆಗೆ A ಅಂತ ಬೇರೆ ಬೇರೆ ಮಾರ್ಕ್ ಇಟ್ಟು, ಹಿಂದಿನ ತಪ್ಪನ್ನು ಹಿಡಿದುಕೊಂಡೇ ಸರಿಯಾಗಿ ಮುಂದೆ ಹೋದವರಿಗೆ ಕೊಡುವ ಮಾರ್ಕಿಗೆ ಫಾಲೋ ಥ್ರೂ ಅನ್ನುತ್ತಾರೆ. ನಾವು ಸ್ಟೆಪ್ ಮಾರ್ಕ್ಸ್ ಅನ್ನುವುದರೊಳಗೇ ಅದೂ ಸೇರಿದೆ, ಆದರೆ ಬಾಯಿಬಿಟ್ಟು ಹೇಳಿರುವುದಿಲ್ಲವಾದ್ದರಿಂದ ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಾರೆ.

ಕೊನೆಯ ಭಾಗ. ಅವನು ತಾನು ಇಳಿಸಿಕೊಂಡ B ಯನ್ನೇ ಇಟ್ಟುಕೊಂಡು |B| ಮಾಡಿದ್ದಾನೆ: 1(0 − 1) + 2(0 − 2) = −5. |A| = 53. ಗುಣಿಸಿದರೆ −265. ತಾಳೆ ಬಂತು. ಬರಲೇಬೇಕು, ಯಾಕೆಂದರೆ |AB| = |A||B| ಅನ್ನುವುದು ಯಾವ B ಗಾದರೂ ನಿಜ, ಅವನ ತಪ್ಪು B ಗೂ ನಿಜ. ಹಾಗಾಗಿ ತಾಳೆ ನೋಡಿದರೂ ಅವನಿಗೆ ತನ್ನ ತಪ್ಪು ಕಾಣುವ ದಾರಿಯೇ ಇರಲಿಲ್ಲ. ಇದು ನನಗೆ ಮುಖ್ಯ ಅನಿಸುತ್ತದೆ. 2ಕ್ಕೆ 2. ಒಟ್ಟು 2 + 3 + 2 = 7.

ಈಗ ಇದೇ ಕಟ್ಟಿನಲ್ಲಿ ಬರುವ ಬೇರೆ ಪೇಪರ್‌ಗಳು. ಇಲ್ಲೇ ನಿಜವಾದ ಕೆಲಸ ಇರುವುದು.

ಒಬ್ಬಳು |A| ಬಿಡಿಸುವಾಗ ಹೀಗೆ ಬರೆದಿದ್ದಾಳೆ ಅಂತ ಇಟ್ಟುಕೊಳ್ಳಿ:

```
|A| = 2(4+4) - 1(1-6) + 3(2+12)
    = 16 + 5 + 42
    = 63
```

63 − 53 = 10, ಅರ್ಧ 5. ಅಂದರೆ 5 ಇರುವ ತುಂಡು ತಿರುಗಿದೆ, ಮಧ್ಯದ್ದು. ಅಲ್ಲಿ −(−1)(1 − 6) ಇರಬೇಕಿತ್ತು, ಅಂದರೆ −5. ಇಲ್ಲಿಯವರೆಗೆ ಸುಲಭ. ಕಷ್ಟ ಇರುವುದು ಮುಂದೆ. ಆ ಜಾಗದಲ್ಲಿ ಎರಡು ಮೈನಸ್ ಇರಬೇಕು: ಒಂದು ಮಧ್ಯದ ಜಾಗಕ್ಕೆ ಸೇರಿದ ಕೋಫ್ಯಾಕ್ಟರ್ ಮೈನಸ್, ಇನ್ನೊಂದು ಆ ಸಂಖ್ಯೆಯದೇ ಮೈನಸ್. ಅವಳು ಬರೆದದ್ದು ಒಂದು. ಯಾವುದು ಉಳಿದಿದೆ, ಯಾವುದು ಬಿಟ್ಟುಹೋಗಿದೆ?

"− 1(1−6)" ಅನ್ನುವ ಬರಹ ಎರಡು ದಾರಿಯಿಂದ ಬರುತ್ತದೆ. ಕೋಫ್ಯಾಕ್ಟರ್ ಚಿಹ್ನೆ ಹಾಕಬೇಕು ಅಂತಲೇ ಗೊತ್ತಿಲ್ಲದವರು ಮೊದಲ ರೋದ ಸಂಖ್ಯೆಗಳನ್ನು ಇದ್ದ ಹಾಗೆ ಬರೆಯುತ್ತಾರೆ, 2, −1, 3 ಅಂತ. ಅವರಿಗೆ ಹೀಗೆ ಬರುತ್ತದೆ. ಚಿಹ್ನೆ ಚೆನ್ನಾಗಿ ಗೊತ್ತಿರುವವರು ಮೈನಸ್ ಹಾಕುತ್ತಾರೆ, ಆಮೇಲೆ −1 ಬರೆಯುವಾಗ "ಮೈನಸ್ ಆಗಲೇ ಹಾಕಿದ್ದೀನಲ್ಲ" ಅಂತ ಕೈ ತಾನೇ 1 ಬರೆದುಬಿಡುತ್ತದೆ. ಅವರಿಗೂ ಹೀಗೇ ಬರುತ್ತದೆ. ಕಾಗದದ ಮೇಲೆ ಒಂದು ಅಕ್ಷರವೂ ಬೇರೆ ಇಲ್ಲ. ಆದರೆ ಮೊದಲನೆಯದು ವಿಧಾನದ ತಪ್ಪು, ಎರಡನೆಯದು ಕೈ ತಪ್ಪು. ಮೊದಲನೆಯದಕ್ಕೆ ವಿಧಾನದ ಮಾರ್ಕೇ ಹೋಗಬೇಕು.

ಇದನ್ನು ಆ ಗೆರೆಯಲ್ಲೇ ಹುಡುಕಿದರೆ ಸಿಗುವುದಿಲ್ಲ. ಅದೇ ಪೇಪರ್‌ನಲ್ಲಿ ಬೇರೆ ಕಡೆ ಸಾಕ್ಷಿ ಇದೆ. ಎಲ್ಲಿ? |AB| ಬಿಡಿಸಿದ ಜಾಗದಲ್ಲಿ. ABಯ ಮೊದಲ ರೋ 8, 4, 3. ಮಧ್ಯದ ಸಂಖ್ಯೆ ಪ್ಲಸ್. ಅಲ್ಲಿ ಅವಳು − 4(12 + 6) ಅಂತ ಬರೆದಿದ್ದರೆ ಆ ಮೈನಸ್ ಕೋಫ್ಯಾಕ್ಟರ್‌ನಿಂದಲೇ ಬಂದಿರಬೇಕು, ಬೇರೆಲ್ಲಿಂದಲೂ ಬರಲು ಸಾಧ್ಯ ಇಲ್ಲ. ಅಂದರೆ ಅವಳಿಗೆ ವಿಧಾನ ಗೊತ್ತು, |A| ಹತ್ತಿರ ಎರಡು ಮೈನಸ್ ಒಂದಕ್ಕೊಂದು ಅಂಟಿಕೊಂಡವು. + 4(12 + 6) ಅಂತ ಬರೆದು 240 + 72 − 9 = 303 ತಂದಿದ್ದರೆ, ಅವಳಿಗೆ ಆ ಚಿಹ್ನೆಯ ನಿಯಮ ಗೊತ್ತೇ ಇಲ್ಲ. 303 − 159 = 144, ಅರ್ಧ 72, ಲೆಕ್ಕ ಹೊಂದುತ್ತದೆ.

ಮೊದಲನೆಯವಳಿಗೆ ನಾನು ತಾಳೆ ನೋಡುವ ಭಾಗದಲ್ಲಿ 1 ಕಳೆಯುತ್ತೇನೆ. ಎರಡನೆಯವಳಿಗೆ |AB| ನಲ್ಲಿ ವಿಧಾನದ ಮಾರ್ಕ್ ಮತ್ತು ಕೊನೆಯ ಬೆಲೆಯ ಮಾರ್ಕ್ ಎರಡೂ ಹೋಗುತ್ತವೆ, ಮೈನರ್‌ಗಳನ್ನು ಸರಿಯಾಗಿ ಮಾಡಿದ್ದಕ್ಕೆ 1 ಉಳಿಯುತ್ತದೆ. ಆದರೆ ಅದೇ ಅಜ್ಞಾನದಿಂದ |A| = 63 ಬಂದದ್ದಕ್ಕೆ ಮತ್ತೊಮ್ಮೆ ವಿಧಾನದ ಮಾರ್ಕ್ ಕಳೆಯುವುದಿಲ್ಲ. ಒಂದು ಪ್ರಶ್ನೆಯೊಳಗೆ ಒಂದು ಗೊತ್ತಿಲ್ಲದಿರುವಿಕೆಗೆ ಒಂದೇ ಸಲ. ಇನ್ನೊಂದು ಪ್ರಶ್ನೆಯಲ್ಲಿ, ಉದಾಹರಣೆಗೆ ಅಡ್‌ಜಾಯಿಂಟ್ ತೆಗೆದು ಇನ್ವರ್ಸ್ ಮಾಡುವಲ್ಲಿ, ಮತ್ತೆ ಅದೇ ಕಂಡರೆ ಅಲ್ಲಿ ಹೊಸದಾಗಿ ಕಳೆಯುತ್ತೇನೆ. ಇದರಲ್ಲಿ ಬೇರೆ ಅಭಿಪ್ರಾಯ ಇರುವವರಿದ್ದಾರೆ, ಆದರೆ ಒಂದು ಕಟ್ಟಿಗೆ ಒಂದೇ ನಿಯಮ ಇರಬೇಕು ಅನ್ನುವುದರಲ್ಲಿ ಯಾರಿಗೂ ಜಗಳ ಇಲ್ಲ.

ಪುಣೆಯಲ್ಲಿ ಪೇಪರ್ ತೋರಿಸಿದ ದಿನ ಮಕ್ಕಳು ಬಂದು "ಸರ್, ಫಕ್ತ ಚಿನ್ಹ ಚುಕ್ಲಂ" ಅನ್ನುತ್ತಾರೆ. ಬರೀ ಚಿಹ್ನೆ ತಪ್ಪಿತು ಅಂತ. ಅರ್ಧ ಜನರ ವಿಷಯದಲ್ಲಿ ಅದು ಪೂರ್ತಿ ನಿಜ. ಇನ್ನರ್ಧ ಜನರಿಗೆ ತಪ್ಪಿದ್ದು ಚಿಹ್ನೆಯಲ್ಲ, ಚಿಹ್ನೆಯ ನಿಯಮ. ಅವರನ್ನು ಕೂರಿಸಿಕೊಂಡು ಅದೇ ಪೇಪರ್‌ನ ಎರಡು ಜಾಗ ತೋರಿಸಿದರೆ ಅವರಿಗೇ ಗೊತ್ತಾಗುತ್ತದೆ. ವಾದಕ್ಕೆ ನಿಲ್ಲುವುದಿಲ್ಲ.

ಅರ್ಧ ಮಾಡುವ ಉಪಾಯಕ್ಕೂ ಒಂದು ಮಿತಿ ಇದೆ, ಹೇಳಿಬಿಡುತ್ತೇನೆ. ಪೂರ್ಣಸಂಖ್ಯೆಗಳ ಮ್ಯಾಟ್ರಿಕ್ಸ್ ಆಗಿದ್ದರೆ, ಎಷ್ಟೇ ಚಿಹ್ನೆ ತಿರುಗಿದರೂ ವ್ಯತ್ಯಾಸ ಸಮಸಂಖ್ಯೆಯೇ ಆಗಿರುತ್ತದೆ. 53 ಬರಬೇಕಾದಲ್ಲಿ 58 ಬಂದಿದ್ದರೆ ವ್ಯತ್ಯಾಸ 5, ಬೆಸ. ಹಾಗಾದರೆ ಬರೀ ಚಿಹ್ನೆಯಿಂದ ಆದದ್ದಲ್ಲ, ಎಲ್ಲೋ ಗುಣಾಕಾರ ಅಥವಾ ಕೂಡುವುದು ತಪ್ಪಿದೆ, ಅದನ್ನು ಬೇರೆ ಹುಡುಕಬೇಕು. ಇನ್ನೊಂದು, ಒಂದೇ ಬೆಲೆಯ ಎರಡು ತುಂಡು ಇರಬಹುದು. |A| ಯನ್ನು ಪೂರ್ತಿ ಆರು ಗುಣಲಬ್ಧಗಳಾಗಿ ಬಿಡಿಸಿದರೆ 8 ಎರಡು ಸಲ ಬರುತ್ತದೆ. 37 ಉತ್ತರ ಬಂದಿದ್ದರೆ ವ್ಯತ್ಯಾಸ 16, ಅರ್ಧ 8, ಆದರೆ ಯಾವ 8 ಅಂತ ಕಣ್ಣಿಂದಲೇ ನೋಡಬೇಕು. ಹೆಚ್ಚಿನ ಸಲ ಅದು 2(4 + 4) ಅನ್ನುವಲ್ಲಿ ಇರುತ್ತದೆ: 4·1 − (−2)·2 ಅನ್ನು ಬ್ರಾಕೆಟ್ ಇಲ್ಲದೆ "4 − −4" ಅಂತ ಬರೆದು, ಮುಂದಿನ ಗೆರೆಯಲ್ಲಿ ಒಂದು ಗೆರೆ ನುಂಗಿ 4 − 4 ಮಾಡಿರುತ್ತಾರೆ. ಆಗ 16ರ ಜಾಗದಲ್ಲಿ 0, ಉತ್ತರ 37. ಅದು ಕೈ ತಪ್ಪು, 1 ಮಾರ್ಕ್.

ಇನ್ನೊಂದು ಬಗೆಯ ಪೇಪರ್ ಇದೆ, ಮನಸ್ಸಿಗೆ ಕಷ್ಟ ಆಗುವುದು ಅದರಲ್ಲೇ. ಹುಡುಗ ತಪ್ಪು B ಇಟ್ಟುಕೊಂಡು AB ಮಾಡಿ −265 ತಂದ. |B| ಮಾಡುವಾಗ ಮಾತ್ರ ಪ್ರಶ್ನೆಪತ್ರಿಕೆ ನೋಡಿ ಸರಿಯಾಗಿ 3 ತೆಗೆದ. 53 × 3 = 159. ಈಗ ಒಂದು ಕಡೆ −265, ಇನ್ನೊಂದು ಕಡೆ 159. ಅವನು ಏನು ಮಾಡುತ್ತಾನೆ ಅನ್ನುವುದರ ಮೇಲೆ ಕೊನೆಯ 2 ಮಾರ್ಕ್ಸ್ ನಿಂತಿದೆ.

"ಎರಡೂ ಸಮ ಬರಬೇಕಿತ್ತು, ಬಂದಿಲ್ಲ, ಎಲ್ಲೋ ತಪ್ಪಾಗಿದೆ" ಅಂತ ಒಂದು ಸಾಲು ಬರೆದರೆ ನಾನು 2ಕ್ಕೆ 2 ಕೊಡುತ್ತೇನೆ. ತಾಳೆ ನೋಡುವುದು ಅಂದರೆ ಅದೇ ಅಲ್ವಾ. ತಾಳೆ ನೋಡಿದ, ತಾಳೆ ಇಲ್ಲ ಅಂತ ಕಂಡ, ನಿಯಮ ತಪ್ಪಾಗಲ್ಲ ಹಾಗಾದರೆ ಲೆಕ್ಕ ತಪ್ಪಾಗಿದೆ ಅಂತ ತಿಳಿದ. ಇದಕ್ಕಿಂತ ಜಾಸ್ತಿ ಆ 2 ಮಾರ್ಕ್ಸ್ ಏನು ಕೇಳುತ್ತದೆ? ಸಮ ಇಲ್ಲದ ಎರಡು ಸಂಖ್ಯೆ ಬರೆದು ಕೆಳಗೆ "ತಾಳೆಯಾಯಿತು" ಅಂತ ಗೆರೆ ಎಳೆದರೆ 1, ಗುಣಾಕಾರ ಮಾಡಿದ್ದಕ್ಕೆ. ಹಿಂದೆ ಹೋಗಿ −208 − 36 − 21 ಇರುವ ಸಾಲಿನ ಕೆಳಗಿದ್ದ −265 ಹೊಡೆದು 159 ಅಂತ ಬರೆದಿದ್ದರೆ, ಆ ಕೊನೆಯ ಬೆಲೆಯ ಮಾರ್ಕೂ ಇಲ್ಲ, ತಾಳೆಯ ಮಾರ್ಕೂ ಇಲ್ಲ. ಉತ್ತರ ಸರಿ ಇದೆಯಲ್ಲ ಅನ್ನಬೇಡಿ. ಮೇಲಿನ ಸಾಲಿನಿಂದ 159 ಬರುವುದಿಲ್ಲ. ಕೊನೆಯ ಸಂಖ್ಯೆ ಮಾತ್ರ ನೋಡಿ ಟಿಕ್ ಹಾಕುವವರ ಕೈಯಲ್ಲಿ ಇಂಥ ಪೇಪರ್‌ಗೆ ಪೂರ್ತಿ ಮಾರ್ಕ್ಸ್ ಸಿಕ್ಕು, ಪ್ರಾಮಾಣಿಕವಾಗಿ −265 ಉಳಿಸಿಕೊಂಡ ನಿಮ್ಮ ಹುಡುಗನಿಗೆ 2 ಸಿಗುತ್ತದೆ. ನನಗೆ ಅದು ಸಹಿಸಲು ಆಗುವುದಿಲ್ಲ.

ಹಾಗೇ, ಎರಡು ಚಿಹ್ನೆ ತಿರುಗಿ ಒಂದನ್ನೊಂದು ಕೊಂದು ಸರಿ ಉತ್ತರ ಬಂದಿರುವುದೂ ಉಂಟು. ರೋ ಬದಲಾಯಿಸಿ ಡಿಟರ್ಮಿನಂಟ್ ಮಾಡುವವರಲ್ಲಿ ಇದು ಕಾಣುತ್ತದೆ: R₁, R₂ ಅದಲುಬದಲು ಮಾಡಿದಾಗ ಹೊರಗೆ ಮೈನಸ್ ಬರಬೇಕು, ಅದನ್ನು ಬಿಡುತ್ತಾರೆ, ಮುಂದೆ ಇನ್ನೊಂದು ಕಡೆ ಗುಣಿಸುವಾಗ ಮೈನಸ್ ಕಳೆದುಕೊಳ್ಳುತ್ತಾರೆ. ಎರಡು ತಪ್ಪು, ಎರಡಕ್ಕೂ ಕಳೆಯಬೇಕು. ಪಕ್ಕದಲ್ಲಿ ಎರಡೂ ಜಾಗಕ್ಕೆ ಗುರುತು ಹಾಕಿ, ಇಲ್ಲದಿದ್ದರೆ ಪುನರ್‌ಮೌಲ್ಯಮಾಪನಕ್ಕೆ ಹೋದಾಗ "ಉತ್ತರ ಸರಿ ಇದ್ದರೂ ಮಾರ್ಕ್ಸ್ ಕಳೆದಿದ್ದಾರೆ" ಅನ್ನುವ ದೂರು ನಿಮ್ಮ ಮೇಲೆ ಬರುತ್ತದೆ.

ಫಾಲೋ ಥ್ರೂ ಎಲ್ಲಿಯವರೆಗೆ? ತಪ್ಪು ಚಿಹ್ನೆಯಿಂದ ಮುಂದಿನ ಕೆಲಸ ಅಷ್ಟೇ ಕಷ್ಟದ್ದಾಗಿ ಉಳಿದಿರುವವರೆಗೆ. ನಿಮ್ಮ ಹುಡುಗನಿಗೆ −265 ತರಲು 159 ತರುವವರಷ್ಟೇ ಕೆಲಸ ಆಗಿದೆ. ಆದರೆ ಈ ಚಿಕ್ಕ ಮ್ಯಾಟ್ರಿಕ್ಸ್ ನೋಡಿ:

```
[ 2   3 ]
[ 4  -6 ]
```

ಇದರ ಡಿಟರ್ಮಿನಂಟ್ −12 − 12 = −24. ಇನ್ವರ್ಸ್ ತೆಗೆಯಿರಿ ಅಂತ 4 ಮಾರ್ಕ್ಸಿಗೆ ಕೇಳಿದ್ದೀರಿ. ಒಬ್ಬ −6 ಅನ್ನು 6 ಮಾಡಿದ. 12 − 12 = 0. "ಇನ್ವರ್ಸ್ ಇಲ್ಲ" ಅಂತ ಬರೆದು ಮುಗಿಸಿದ. ಅವನ ಮಟ್ಟಿಗೆ ತರ್ಕ ಸರಿಯೇ. ಆದರೆ ಅಡ್‌ಜಾಯಿಂಟ್ ಮಾಡಲಿಲ್ಲ, ಭಾಗಿಸಲಿಲ್ಲ, ನಾವು ನೋಡಬೇಕಾದ ಕೆಲಸವೇ ಅಲ್ಲಿಲ್ಲ. ಇಲ್ಲದ ಕೆಲಸಕ್ಕೆ ಮಾರ್ಕ್ ಕೊಡಲು ಬರುವುದಿಲ್ಲ. ಡಿಟರ್ಮಿನಂಟ್ ವಿಧಾನಕ್ಕೆ 1, ಸೊನ್ನೆಯಾದರೆ ಇನ್ವರ್ಸ್ ಇಲ್ಲ ಅನ್ನುವ ತಿಳುವಳಿಕೆಗೆ ಬೇಕಾದರೆ ಇನ್ನೊಂದು. ಅದಕ್ಕಿಂತ ಮೇಲೆ ನಾನು ಹೋಗುವುದಿಲ್ಲ. ಇಲ್ಲಿ ಒಂದು ಚಿಹ್ನೆಗೆ 2 ಮಾರ್ಕ್ಸ್ ಹೋಯಿತು ಅಂತ ಅನಿಸಬಹುದು, ಆದರೆ ಹೋದದ್ದು ಚಿಹ್ನೆಗಲ್ಲ, ಮಾಡದ ಕೆಲಸಕ್ಕೆ.

ಕೈಬರಹದ ಬಗ್ಗೆ ಒಂದು ಮಾತು. ಪೇಪರ್‌ಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಿದ್ದುವಾಗ ನಾನೇ ಒಮ್ಮೆ ಅನ್ಯಾಯ ಮಾಡಿದ್ದೆ. ಗೆರೆ ಹಾಕಿದ ಉತ್ತರಪತ್ರಿಕೆಯಲ್ಲಿ ಹುಡುಗಿ ಬರೆದ ಮೈನಸ್ ಸರಿಯಾಗಿ ಹಾಳೆಯ ಗೆರೆಯ ಮೇಲೇ ಕೂತಿತ್ತು. ಸ್ಕ್ಯಾನ್‌ನಲ್ಲಿ ಎರಡೂ ಒಂದೇ ಬೂದು ಬಣ್ಣ. ಮ್ಯಾಟ್ರಿಕ್ಸ್‌ನಲ್ಲಿ 1 ಅಂತ ಕಂಡಿತು, ತಪ್ಪಾಗಿ ಇಳಿಸಿದ್ದಾಳೆ ಅಂತ 1 ಕಳೆದು ಮುಂದೆ ಹೋದೆ. ಮುಂದಿನ ಸಾಲು ನೋಡಿದಾಗ ಗುಣಾಕಾರ −1 ಇಟ್ಟುಕೊಂಡೇ ಆಗಿತ್ತು, ಉತ್ತರ ಸರಿ ಇತ್ತು. ವಾಪಸ್ ಬಂದು ಆ 1 ಮಾರ್ಕ್ ಕೂಡಿಸಿದೆ. ಅಲ್ಲಿಂದ ಮುಂದೆ ನಾನು ಮ್ಯಾಟ್ರಿಕ್ಸ್ ಒಳಗಿನ ಗುರುತನ್ನು ನಂಬುವುದಿಲ್ಲ, ಅದನ್ನು ಉಪಯೋಗಿಸಿದ ಸಾಲನ್ನು ನಂಬುತ್ತೇನೆ. ಮೈನಸ್ ಬರೆಯುವುದು ಮರೆತರೂ ಲೆಕ್ಕ ಮೈನಸ್ ಇಟ್ಟುಕೊಂಡೇ ನಡೆದಿದ್ದರೆ ಕಳೆಯಲು ಏನೂ ಇಲ್ಲ. ಮೈನಸ್ ಅನ್ನು ಆಮೇಲೆ ಪ್ಲಸ್ ಮಾಡಿದ್ದಾರಾ ಅನ್ನುವುದಕ್ಕೂ ಮುಂದಿನ ಸಾಲೇ ಸಾಕ್ಷಿ. ಅಡ್ಡ ಗೆರೆಯ ಮೇಲೆ ಗಾಢವಾದ ನಿಂತ ಗೆರೆ ಕಂಡರೆ, ಕೆಳಗಿನ ಲೆಕ್ಕ ಯಾವುದರ ಪ್ರಕಾರ ಇದೆ ನೋಡಿ.

ಕಟ್ಟು ಬಿಚ್ಚುವ ಮೊದಲು ನಾನು ಒಂದು ಚೀಟಿ ಮಾಡಿಕೊಳ್ಳುತ್ತೇನೆ. ಈ ಪ್ರಶ್ನೆಗಾದರೆ ಅದರಲ್ಲಿ ನಾಲ್ಕೈದು ಸಾಲು: |A| 63 ಬಂದರೆ ಮಧ್ಯದ ತುಂಡು, |AB| ಹತ್ತಿರ ಸಾಕ್ಷಿ ನೋಡು. 37 ಬಂದರೆ ಮೈನರ್ ಒಳಗೆ. |AB| 303 ಬಂದರೆ ಕೋಫ್ಯಾಕ್ಟರ್ ಇಲ್ಲ. −265 ಬಂದರೆ B ಯ −1 ಇಳಿಸಿದ್ದು ತಪ್ಪು. 195 ಬಂದರೆ ABಯ ಮೊದಲ ರೋದಲ್ಲಿ 4ರ ಬದಲು 2, (−1)(−1) ಅನ್ನು −1 ಮಾಡಿದ್ದಾರೆ, ಆ ಒಂದು ಸಂಖ್ಯೆ ಮಾತ್ರ ತಪ್ಪು. ಒಂದು ಕಟ್ಟಿನಲ್ಲಿ ಅವೇ ಉತ್ತರಗಳು ಮತ್ತೆ ಮತ್ತೆ ಬರುತ್ತವೆ, ಹತ್ತು ನಿಮಿಷ ಕೂತು ಈ ಚೀಟಿ ಬರೆದುಕೊಂಡರೆ ಆಮೇಲೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ. ಚೀಟಿಯಲ್ಲಿ ಇಲ್ಲದ ಉತ್ತರ ಬಂದಾಗ, ವಿದ್ಯಾರ್ಥಿಯ ಸ್ವಂತ ಮ್ಯಾಟ್ರಿಕ್ಸ್ ಅನ್ನು ಕಂಪ್ಯೂಟರ್‌ಗೆ ಕೊಟ್ಟು ನೋಡಿ. ನಲವತ್ತನೇ ಪೇಪರ್ ಹೊತ್ತಿಗೆ ನಮ್ಮ ಕೈಯಲ್ಲೂ ಮೈನಸ್ ಉದುರುತ್ತದೆ.

```python
import numpy as np
M = np.array([[8,2,3],[-3,2,6],[-1,3,-4]])
print(round(np.linalg.det(M)))
```

ಇದು −265 ಅಂತ ತೋರಿಸುತ್ತದೆ. `round` ಬಿಡಬೇಡಿ, ಅದಿಲ್ಲದಿದ್ದರೆ ಕೆಲವು ಸಲ ದಶಮಾಂಶದ ಬಾಲ ಬರುತ್ತದೆ, ಸುಮ್ನೆ ಗೊಂದಲ.

ಈಗ ನಿಮ್ಮ ಕಟ್ಟಿಗೆ ವಾಪಸ್ ಬನ್ನಿ. ನೀವು 2 ಕೊಟ್ಟದ್ದು ಒಬ್ಬನಿಗೇ ಇರಲಿಕ್ಕಿಲ್ಲ, −1 ಅನ್ನು 1 ಅಂತ ಇಳಿಸಿದವರು ಇನ್ನೂ ಕೆಲವರು ಇರುತ್ತಾರೆ. ಮಾಡರೇಟರ್ ಎಲ್ಲ ಪೇಪರ್ ನೋಡುವುದಿಲ್ಲ, ಆಯ್ದ ಕೆಲವನ್ನೇ ನೋಡುತ್ತಾರೆ. ಹಾಗಾಗಿ ಮಾರ್ಕ್ಸ್ ಪಟ್ಟಿ ಕೊಡುವ ಮೊದಲು ಈ ಪ್ರಶ್ನೆಗೆ 2 ಅಥವಾ 3 ಬಿದ್ದ ಪೇಪರ್‌ಗಳನ್ನು ಬೇರೆ ತೆಗೆದು, ABಯ ಎರಡನೇ ಕಾಲಮ್ ಮಾತ್ರ ನೋಡಿ. 2, 2, 3 ಇದ್ದರೆ ಅದೇ ತಪ್ಪು. ಪ್ರಶ್ನೆಯ B ಹತ್ತಿರ ಒಂದು ಸುತ್ತು ಹಾಕಿ "−1" ಅಂತ ಬರೆಯಿರಿ, ಅಲ್ಲಿ 1 ಕಳೆಯಿರಿ, ಕೆಳಗಿನದನ್ನು ಅವರದೇ ಸಂಖ್ಯೆಗಳ ಪ್ರಕಾರ ಮತ್ತೆ ತಿದ್ದಿ. ಒಂದು ಪೇಪರ್‌ಗೆ ಎರಡು ನಿಮಿಷ ಸಾಕು.